ಸೈಕಲ್ ಮೇಲೆ ಆ ಹುಡುಗಿ ಇರಲಿಲ್ಲ

11 ವರ್ಷದ ಹಿಂದೆ, ಒಂದು ಬೆಳಿಗ್ಗೆ, ಕಾರನ್ನು ರಿವರ್ಸ್ ತೆಗೆಯುತ್ತಿದ್ದೆ. ಹಿಂದಿನ ಚಕ್ರದ ಕೆಳಗೆ ಏನೋ ಸಿಕ್ಕಿ ಚಟ್ ಅಂತ ಸದ್ದಾಯಿತು. ಬ್ರೇಕ್ ಒತ್ತಿದೆ. ಆದರೆ ಅಷ್ಟರಲ್ಲಿ ಚಕ್ರ ಅದರ ಮೇಲೆ ಹತ್ತಿ ಇಳಿದಾಗಿತ್ತು. ಇಳಿದು ಹಿಂದೆ ಹೋಗಿ ನೋಡಿದರೆ, ಪಕ್ಕದ ಮನೆಯ ಪುಟ್ಟ ಹುಡುಗಿಯ ಮೂರು ಚಕ್ರದ ಸೈಕಲ್. ಕೆಂಪು ಪ್ಲಾಸ್ಟಿಕ್ಕಿನದು. ಸೀಟು ಎರಡು ಹೋಳಾಗಿತ್ತು. ಮುಂದಿನ ಚಕ್ರ ಬಿಟ್ಟುಕೊಂಡು ಸ್ವಲ್ಪ ದೂರ ಉರುಳಿ ಬಿದ್ದಿತ್ತು. ಹ್ಯಾಂಡಲ್ಲಿನ ತುದಿಗೆ ಕಟ್ಟಿದ್ದ ರಿಬ್ಬನ್ ಟೈರಿಗೆ ಅಂಟಿಕೊಂಡಿತ್ತು. ನಾನು ಮೊದಲು ಮಾಡಿದ ಕೆಲಸ ಬಗ್ಗಿ ಕಾರಿನ ಕೆಳಗೆ ನೋಡಿದ್ದು. ಏನೂ ಇರಲಿಲ್ಲ. ಎದ್ದು ನಿಂತಾಗ ಕಾಲಿನಲ್ಲಿ ಶಕ್ತಿಯೇ ಇರಲಿಲ್ಲ.

ಹುಡುಗಿ ಆಗಷ್ಟೇ ಒಳಗೆ ಹೋಗಿದ್ದಳು. ಸದ್ದು ಕೇಳಿ ಅವಳ ಅಮ್ಮ ಹೊರಗೆ ಬಂದರು. ಸೈಕಲ್ ನೋಡಿದರು, ನನ್ನ ಮುಖ ನೋಡಿದರು, ಆಮೇಲೆ ನಕ್ಕುಬಿಟ್ಟರು. "ಅಯ್ಯೋ, ಸೈಕಲ್ ತಾನೇ, ಬಿಡಿ. ಅವಳಿಗೆ ಎಷ್ಟು ಸಲ ಹೇಳಿದೀನಿ, ದಾರಿಯಲ್ಲಿ ಬಿಟ್ಟು ಬರಬೇಡ ಅಂತ" ಎಂದರು. ಸಂಜೆ ಹೊಸ ಸೈಕಲ್ ತಂದುಕೊಟ್ಟೆ. ಹುಡುಗಿ ಕುಣಿದಳು. ವಾರ ಕಳೆಯುವಷ್ಟರಲ್ಲಿ ಅದು ಹೇಳಿಕೊಳ್ಳುವ ಕತೆಯಾಗಿತ್ತು. ಕೇಳಿದವರೆಲ್ಲ ನಕ್ಕರು. ನಾನೂ ನಕ್ಕೆ. ಒಂದು ವಿಷಯವನ್ನು ಮಾತ್ರ ಯಾರಿಗೂ ಹೇಳಲಿಲ್ಲ. ರಿವರ್ಸ್ ಹಾಕಿದಾಗ ನನ್ನ ಎಡಗೈಯಲ್ಲಿ ಫೋನ್ ಇತ್ತು. ಒಂದು ಮೆಸೇಜ್ ಓದುತ್ತಿದ್ದೆ. ಕನ್ನಡಿಯನ್ನೂ ನೋಡಿರಲಿಲ್ಲ.

ಈ ಘಟನೆ ಹೆಚ್ಚು ಕಡಿಮೆ ಮರೆತೇ ಹೋಗಿತ್ತು. ಹೋದ ವರ್ಷ ನನ್ನ ಹಳೆಯ ಗೆಳೆಯನೊಬ್ಬ ಹೀಗೇ ಬೆಳಿಗ್ಗೆ ಕಾರು ರಿವರ್ಸ್ ತೆಗೆದ. ಅವನ ಕೈಯಲ್ಲಿ ಫೋನ್ ಇರಲಿಲ್ಲ. ಎರಡೂ ಬದಿಯ ಕನ್ನಡಿ ನೋಡಿದ್ದ. ಇಳಿದು ಹಿಂದೆ ಹೋಗಿ ನೋಡಿರಲಿಲ್ಲ, ಅಷ್ಟೇ. ಹಿಂದೆ ಎರಡೂವರೆ ವರ್ಷದ ಮಗು ಕೂತಿತ್ತು. ಆಸ್ಪತ್ರೆ ತಲುಪುವ ಮುಂಚೆಯೇ ಹೋಯಿತು.

ಅವನ ಬಗ್ಗೆ ಜನ ಆಡಿದ ಮಾತು ನನ್ನ ಕಿವಿಗೂ ಬಿತ್ತು. "ಕಣ್ಣು ಕಾಣಲ್ವಾ ಅವನಿಗೆ", "ಇಂಥವರ ಕೈಗೆ ಕಾರು ಕೊಡಬಾರದು", ಕೊನೆಗೆ "ಕೊಲೆಗಾರ". ಅವನಿಗಿಂತ ಜಾಸ್ತಿ ಅಜಾಗರೂಕನಾಗಿದ್ದವನು ನಾನು. ನನ್ನ ಕತೆ ಕೇಳಿ ನಕ್ಕಿದ್ದವರಲ್ಲಿ ಕೆಲವರೇ ಈ ಮಾತನ್ನೂ ಆಡಿದರು. ಅವರು ಕೆಟ್ಟ ಜನರಲ್ಲ. ಅಲ್ಲಿಂದ ಈಚೆಗೆ ಒಂದೇ ಪ್ರಶ್ನೆ ನನ್ನನ್ನು ಕೊರೆಯುತ್ತಿದೆ. ನನಗೂ ಅವನಿಗೂ ಇರುವ ವ್ಯತ್ಯಾಸ ನಾವು ಮಾಡಿದ್ದರಲ್ಲಿ ಇದೆಯಾ, ಅಥವಾ ಒಂದು ಮಗು ಒಳಗೆ ಹೋಗಿ ಇನ್ನೊಂದು ಮಗು ಹೊರಗೆ ಬಂದಿದ್ದರಲ್ಲಿ ಮಾತ್ರ ಇದೆಯಾ?

ತಪ್ಪು ಯಾವ ಕ್ಷಣದಲ್ಲಿ ಆಯಿತು

ಮೊದಲು ಲೆಕ್ಕವನ್ನೇ ನೋಡೋಣ. ಕಾರು ರಿವರ್ಸಿನಲ್ಲಿ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ನಡೆಯುವ ವೇಗ ಅದು. ಆದರೂ ಸೆಕೆಂಡಿಗೆ ಸುಮಾರು 1.4 ಮೀಟರ್ ಆಗುತ್ತದೆ. ಏನೋ ಕಂಡಿತು, ಕಾಲು ಬ್ರೇಕಿಗೆ ಹೋಯಿತು ಅನ್ನುವಷ್ಟರಲ್ಲಿ ಒಂದು, ಒಂದೂವರೆ ಸೆಕೆಂಡ್ ಕಳೆದಿರುತ್ತದೆ. ಅಷ್ಟರಲ್ಲಿ ಕಾರು ಎರಡು ಮೀಟರ್ ಹತ್ತಿರ ಹಿಂದಕ್ಕೆ ಬಂದಾಗಿರುತ್ತದೆ. ಇನ್ನು ಕಾರಿನ ಹಿಂಭಾಗಕ್ಕೆ ತೀರ ಹತ್ತಿರ ಕೂತ ಮಗು ಕನ್ನಡಿಯಲ್ಲಿ ಕಾಣುವುದೇ ಇಲ್ಲ. ಪಕ್ಕದ ಕನ್ನಡಿಗಳು ಪಕ್ಕವನ್ನು ತೋರಿಸುತ್ತವೆ. ಒಳಗಿನ ಕನ್ನಡಿ ಹಿಂದಿನ ಗಾಜಿನ ಅಂಚಿನಿಂದ ಮೇಲಿರುವುದನ್ನು ತೋರಿಸುತ್ತದೆ. ಡಿಕ್ಕಿಯ ಎತ್ತರಕ್ಕಿಂತ ಕೆಳಗೆ, ಬಂಪರಿನ ಬುಡದಲ್ಲಿ ಏನಿದೆ ಅನ್ನುವುದು ಎರಡರಲ್ಲೂ ಬರುವುದಿಲ್ಲ. ಕಾರು ಎತ್ತರವಾದಷ್ಟೂ ಹೀಗೆ ಕಾಣದ ಜಾಗ ಜಾಸ್ತಿ.

ಅಂದರೆ ಕ್ಯಾಮೆರಾ ಇಲ್ಲದ ಕಾರಿನಲ್ಲಿ ಕನ್ನಡಿ ನೋಡಿದ ಗೆಳೆಯನಿಗೂ, ನೋಡದ ನನಗೂ, ಆ ಜಾಗದ ಮಟ್ಟಿಗೆ ದೊಡ್ಡ ವ್ಯತ್ಯಾಸ ಇರಲಿಲ್ಲ. ಉಪಯೋಗಕ್ಕೆ ಬರುತ್ತಿದ್ದ ಕೆಲಸ ಒಂದೇ. ಕಾರು ಹತ್ತುವ ಮುಂಚೆ ಹಿಂದೆ ಒಂದು ಸುತ್ತು ಹೋಗಿ ಬರುವುದು. ಹತ್ತು ಸೆಕೆಂಡಿನ ಕೆಲಸ. ಅದನ್ನು ನಾವಿಬ್ಬರೂ ಮಾಡಲಿಲ್ಲ. ಬಾಗಿಲು ಹಾಕಿಕೊಂಡು ಗೇರ್ ಬದಲಿಸಿದ ಕ್ಷಣಕ್ಕೇ ನಮ್ಮಿಬ್ಬರ ತಪ್ಪೂ ಪೂರ್ತಿಯಾಗಿತ್ತು. ಅದರ ನಂತರ ಆಗಿದ್ದು ಯಾವುದೂ ನಮ್ಮ ಕೈಯಲ್ಲಿ ಇರಲಿಲ್ಲ. ಹಿಂದೆ ಮಗು ಇತ್ತೋ ಇಲ್ಲವೋ ಅನ್ನುವುದು ಆ ಮಗುವಿನ ಆಟ, ಹಸಿವು, ಅಮ್ಮ ಕೂಗಿದ ಹೊತ್ತು, ಇಂಥವನ್ನು ಅವಲಂಬಿಸಿತ್ತು.

ಇದೇ ಲೆಕ್ಕವನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ. ಸುಮ್ನೆ ಮಾತಿಗೆ, ಒಂದೇ ಬೆಳಿಗ್ಗೆ 10,000 ಜನ ಹಿಂದೆ ನೋಡದೆ ಕಾರು ತೆಗೆಯುತ್ತಾರೆ ಅಂದುಕೊಳ್ಳಿ. 9,999 ಜನ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರುತ್ತಾರೆ. ತಾವು ಏನಾದರೂ ಮಾಡಿದೆವು ಅಂತ ಕೂಡ ಅವರಿಗೆ ಗೊತ್ತಿರುವುದಿಲ್ಲ. ಒಬ್ಬ ಮಾತ್ರ ಜೀವನಪೂರ್ತಿ ಆ ಬೆಳಿಗ್ಗೆಯನ್ನು ಹೊತ್ತು ತಿರುಗುತ್ತಾನೆ. ಅಪಾಯವನ್ನು ಸೃಷ್ಟಿ ಮಾಡಿದ್ದು 10,000 ಜನ. ಬೈಗುಳ ಮಾತ್ರ ಒಬ್ಬನಿಗೆ. ಹೊಗಳಿಕೆಯೂ ಹೀಗೇ ಹಂಚಿಹೋಗುತ್ತದೆ. "ಇಷ್ಟು ವರ್ಷದಲ್ಲಿ ಒಂದೂ ಅಪಘಾತ ಮಾಡಿಲ್ಲ, ಬಹಳ ಜವಾಬ್ದಾರಿಯ ಮನುಷ್ಯ" ಅಂತ ನನ್ನ ಬಗ್ಗೆ ಹೇಳಿದವರಿದ್ದಾರೆ. ಅವರು ಹೊಗಳಿದ್ದು ನನ್ನ ಜಾಗರೂಕತೆಯನ್ನಲ್ಲ, ಆ ಹುಡುಗಿ ಸರಿಯಾದ ಹೊತ್ತಿಗೆ ಒಳಗೆ ಹೋಗಿದ್ದನ್ನು.

ಹೆಸರಿಟ್ಟವರು

ಈ ತೊಡಕಿಗೆ ತತ್ವಶಾಸ್ತ್ರದಲ್ಲಿ ಒಂದು ಹೆಸರಿದೆ. ನೈತಿಕ ಅದೃಷ್ಟ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಎಂಬ ಇಂಗ್ಲಿಷ್ ತತ್ವಶಾಸ್ತ್ರಜ್ಞ ಈ ಹೆಸರಿನಲ್ಲಿ ಒಂದು ಪ್ರಬಂಧ ಮಂಡಿಸಿದರು. ಥಾಮಸ್ ನೇಗಲ್ ಅದಕ್ಕೆ ಉತ್ತರವಾಗಿ ಇನ್ನೊಂದು ಬರೆದರು. ಎರಡು ಪದ ಒಟ್ಟಿಗೆ ಕೂರುವುದೇ ಇಲ್ಲ ಅಲ್ವಾ? ಒಬ್ಬರ ಒಳ್ಳೆಯತನ, ಕೆಟ್ಟತನ ಅಂದರೆ ಅದೃಷ್ಟ ಮುಟ್ಟಲಾಗದ ಜಾಗ ಅಂತ ನಾವು ನಂಬಿರುತ್ತೇವೆ. ನಮ್ಮ ಹತೋಟಿಯಲ್ಲಿ ಇಲ್ಲದಿದ್ದಕ್ಕೆ ನಮ್ಮನ್ನು ಹೊಗಳಬಾರದು, ಬೈಯಬಾರದು. ಹೀಗೆ ಹೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಆದರೆ ಒಂದೊಂದು ಘಟನೆ ಎದುರಿಗೆ ಬಂದಾಗ ಅದೇ ಜನ, ನಾನೂ ಸೇರಿ, ಆಗಿಹೋದದ್ದನ್ನು ನೋಡಿಯೇ ತೂಗುತ್ತೇವೆ. ಎರಡನ್ನೂ ಬಿಡಲು ಆಗುವುದಿಲ್ಲ ಅನ್ನುವುದೇ ನೇಗಲ್ ತೋರಿಸಿದ ಕಷ್ಟ.

ನೇಗಲ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅದು ನನ್ನನ್ನು ಹೆದರಿಸಿತು. ಫಲ ಮಾತ್ರ ಏಕೆ, ನಾವು ಸಿಕ್ಕಿಕೊಳ್ಳುವ ಸನ್ನಿವೇಶವೂ ನಮ್ಮ ಕೈಯಲ್ಲಿಲ್ಲ. ನಮ್ಮ ಸ್ವಭಾವವೂ ನಾವು ಆರಿಸಿಕೊಂಡಿದ್ದಲ್ಲ. ನಾನು ಆತುರದ ಮನುಷ್ಯ. ಚಿಕ್ಕಂದಿನಿಂದ ಹಾಗೆ. ಆ ಬೆಳಿಗ್ಗೆ ಮೆಸೇಜ್ ಬಂದಿದ್ದೂ ನಾನು ಬೇಕೆಂದು ತರಿಸಿದ್ದಲ್ಲ. ಹೀಗೆ ಒಂದೊಂದನ್ನೇ ಕಳೆಯುತ್ತಾ ಹೋದರೆ, ಕೊನೆಗೆ "ಇದು ನಾನು ಮಾಡಿದ್ದು" ಅಂತ ಹೇಳಲು ಏನೂ ಉಳಿಯುವುದಿಲ್ಲ. ನನಗೆ ಅಷ್ಟು ದೂರ ಹೋಗಲು ಆಗುವುದಿಲ್ಲ. ನನ್ನ ಆತುರ ನನ್ನ ಆಯ್ಕೆಯಲ್ಲದೆ ಇರಬಹುದು. ಆದರೆ ಆ ಹತ್ತು ಸೆಕೆಂಡ್ ನನ್ನದೇ ಆಗಿತ್ತು. ಇಳಿಯಬಹುದಾಗಿತ್ತು. ಬೇರೆ ಎಷ್ಟೋ ದಿನ ಇಳಿದಿದ್ದೇನೆ. ಆದ್ದರಿಂದ ಇಲ್ಲಿ ಫಲದ ಅದೃಷ್ಟದ ಬಗ್ಗೆ ಮಾತ್ರ ಯೋಚಿಸುತ್ತೇನೆ.

ಫಲ ಗೊತ್ತಾದ ಮೇಲೆ ಕಣ್ಣು ಬದಲಾಗುತ್ತದೆ

ಫಲ ನೋಡಿ ತೂಗುವುದಕ್ಕೆ ಒಂದು ನ್ಯಾಯವಾದ ಕಾರಣ ಇದೆ ಅನ್ನಬಹುದು. ಒಬ್ಬರ ಮನಸ್ಸಿನೊಳಗೆ ಏನಿತ್ತು ಅಂತ ನಮಗೆ ಗೊತ್ತಿಲ್ಲ. ಅನಾಹುತ ಆಯಿತು ಅಂದರೆ ಎಚ್ಚರ ತಪ್ಪಿದ್ದರು ಅಂತ ಊಹಿಸುವುದು ತಪ್ಪಲ್ಲ. ಫಲ ಒಂದು ಸುಳಿವು. ಈ ಮಾತು ಸರಿಯೇ. ಆದರೆ ಯಾರು ಏನು ಮಾಡಿದರು ಅಂತ ಪೂರ್ತಿ ಗೊತ್ತಿರುವಾಗ ಆ ಸುಳಿವಿಗೆ ಕೆಲಸ ಇರಬಾರದು. ಆಗಲೂ ಅದು ಕೆಲಸ ಮಾಡುತ್ತದೆ.

1991ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಅರಿವಳಿಕೆ ಕೊಡುವ 112 ವೈದ್ಯರಿಗೆ 21 ಪ್ರಕರಣ ಓದಲು ಕೊಟ್ಟರು. ಪ್ರತಿ ಪ್ರಕರಣಕ್ಕೂ ಎರಡು ರೂಪ ಇತ್ತು. ರೋಗಿ, ಕೊಟ್ಟ ಚಿಕಿತ್ಸೆ, ನಡೆದ ಹಂತಗಳು ಎಲ್ಲ ಒಂದೇ. ಕೊನೆಯ ಫಲ ಮಾತ್ರ ಬೇರೆ. ಒಂದರಲ್ಲಿ ರೋಗಿಗೆ ಆದ ತೊಂದರೆ ತಾತ್ಕಾಲಿಕ, ಇನ್ನೊಂದರಲ್ಲಿ ಶಾಶ್ವತ. ಒಬ್ಬ ವೈದ್ಯರು ಒಂದು ಪ್ರಕರಣದ ಒಂದು ರೂಪವನ್ನು ಮಾತ್ರ ನೋಡಿದರು. ಕೇಳಿದ ಪ್ರಶ್ನೆ ಫಲದ ಬಗ್ಗೆ ಅಲ್ಲವೇ ಅಲ್ಲ, ಚಿಕಿತ್ಸೆ ಸರಿಯಾಗಿತ್ತಾ ಅಂತ. ತೊಂದರೆ ಶಾಶ್ವತ ಅಂತ ಓದಿದವರಲ್ಲಿ "ಸರಿಯಾಗಿತ್ತು" ಅಂದವರು ಗಮನಾರ್ಹವಾಗಿ ಕಡಿಮೆ. ಓದಿದವರು ಸಾಮಾನ್ಯ ಜನರಲ್ಲ. ದಿನಾ ಅದೇ ಕೆಲಸ ಮಾಡುವವರು. ಎದುರಿಗೆ ಎಲ್ಲ ವಿವರ ಇತ್ತು. ಆದರೂ ಕೊನೆಯ ಸಾಲು ಹಿಂದಕ್ಕೆ ಹರಿದು ಮೊದಲಿನ ಸಾಲುಗಳಿಗೆ ಬಣ್ಣ ಬಳಿಯಿತು.

ನನ್ನ ಕತೆಯಲ್ಲೂ ಇದೇ ಆಯಿತು, ತಿರುವುಮುರುವಾಗಿ. ಮಗುವಿಗೆ ಏನೂ ಆಗಲಿಲ್ಲವಾದ್ದರಿಂದ ಕೈಯಲ್ಲಿದ್ದ ಫೋನ್ ನನ್ನ ನೆನಪಿನಲ್ಲೇ ಚಿಕ್ಕದಾಗುತ್ತಾ ಹೋಯಿತು. "ಒಂದು ಕ್ಷಣ ನೋಡಿದೆ ಅಷ್ಟೇ" ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಮಗು ಅಲ್ಲಿದ್ದಿದ್ದರೆ, ಆ ಒಂದು ಕ್ಷಣ ಎಷ್ಟು ಸೆಕೆಂಡ್ ಅಂತ ನಾನು ಇವತ್ತಿಗೂ ಎಣಿಸುತ್ತಿದ್ದೆ. ಈಗ ನಾನು ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಯಾರದಾದರೂ ತಪ್ಪಿನ ಬಗ್ಗೆ ಮಾತಾಡುವ ಮುಂಚೆ ಕತೆಯ ಕೊನೆಯನ್ನು ಕೈಯಿಂದ ಮುಚ್ಚಿಕೊಳ್ಳುತ್ತೇನೆ. ಏನೂ ಆಗಿರದಿದ್ದರೆ ಇದೇ ಮಾತು ಆಡುತ್ತಿದ್ದೆನಾ? ಇಲ್ಲ ಅಂತಾದರೆ, ನಾನು ಬೈಯುತ್ತಿರುವುದು ಆ ಮನುಷ್ಯನನ್ನಲ್ಲ, ನನ್ನ ಸಂಕಟವನ್ನು ಅವನ ಮೇಲೆ ಇಳಿಸುತ್ತಿದ್ದೇನೆ.

ಒಂದೇ ಬೆಟ್ಟ, ಎರಡು ವಿಮಾನ

ಯೋಚಿಸುವಾಗ ಮತ್ತೆ ಮತ್ತೆ ನೆನಪಾಗುವುದು ಒಂದು ವಿಮಾನ ಅಪಘಾತ. 1974ರ ಡಿಸೆಂಬರ್ 1. ಟಿಡಬ್ಲ್ಯುಎ ಕಂಪನಿಯ 514 ಸಂಖ್ಯೆಯ ಬೋಯಿಂಗ್ 727 ವಾಷಿಂಗ್ಟನ್ ಹತ್ತಿರದ ಡಲ್ಲೆಸ್ ನಿಲ್ದಾಣಕ್ಕೆ ಇಳಿಯಲು ಬರುತ್ತಿತ್ತು. ಮೋಡ, ಗಾಳಿ. ಇಳಿಯಲು ಬರಬಹುದು ಅಂತ ನಿಯಂತ್ರಣ ಕೇಂದ್ರದಿಂದ ಅನುಮತಿ ಬಂತು. ಆ ಅನುಮತಿಯ ಮಾತನ್ನು ಪೈಲಟ್‌ಗಳು ಒಂದು ರೀತಿ ಅರ್ಥ ಮಾಡಿಕೊಂಡರು. ಅನುಮತಿ ಸಿಕ್ಕಿದೆ ಅಂದಮೇಲೆ ಕೆಳಗಿನ ನೆಲ ತಗ್ಗಾಗಿದೆ, 1,800 ಅಡಿಗೆ ಈಗಲೇ ಇಳಿಯಬಹುದು ಅಂತ. ನಿಯಂತ್ರಕರ ಲೆಕ್ಕದಲ್ಲಿ ನೆಲದಿಂದ ಸಾಕಷ್ಟು ಎತ್ತರ ಕಾಯ್ದುಕೊಳ್ಳುವುದು ಪೈಲಟ್‌ಗಳ ಹೊಣೆ. ನಡುವೆ ಒಂದು ಬೆಟ್ಟ ಇತ್ತು, ಮೌಂಟ್ ವೆದರ್. ವಿಮಾನ ಅದಕ್ಕೆ ಬಡಿಯಿತು. ಒಳಗಿದ್ದ 92 ಜನರೂ ಸತ್ತರು. ತಪ್ಪು ಯಾರದು ಅನ್ನುವುದರಲ್ಲಿ ತನಿಖಾ ಮಂಡಳಿಯ ಸದಸ್ಯರಲ್ಲೇ ಒಮ್ಮತ ಬರಲಿಲ್ಲ.

ಇದಕ್ಕೆ ಸುಮಾರು ಆರು ವಾರ ಮೊದಲು ಯುನೈಟೆಡ್ ಕಂಪನಿಯ ಒಂದು ವಿಮಾನ ಅದೇ ದಾರಿಯಲ್ಲಿ ಬಂದಿತ್ತು. ಅದೇ ಬಗೆಯ ಅನುಮತಿ, ಅದೇ ತಪ್ಪು ಅರ್ಥ. ಅವರೂ ಬೇಗ ಇಳಿದರು. ಬೆಟ್ಟವನ್ನು ಸ್ವಲ್ಪದರಲ್ಲೇ ದಾಟಿಕೊಂಡರು. ನೆಲ ಮುಟ್ಟಿದ ಮೇಲೆ, ನಕ್ಷೆ ನೋಡಿದಾಗಲೇ ತಾವು ಎಷ್ಟು ಹತ್ತಿರ ಹೋಗಿದ್ದೆವು ಅಂತ ಗೊತ್ತಾಗಿದ್ದು. ಅವರು ಮಾಡಿದ ಒಂದು ಕೆಲಸಕ್ಕೆ ನನಗೆ ತುಂಬ ಗೌರವ ಇದೆ. ಅವರು ಹೇಳಿಕೊಂಡರು. ತಮ್ಮ ಕಂಪನಿಯಲ್ಲಿ ಇಂಥದ್ದನ್ನು ವರದಿ ಮಾಡುವ ಒಂದು ವ್ಯವಸ್ಥೆ ಇತ್ತು. ಅಲ್ಲಿ ಹೇಳಿದರು. ಕಂಪನಿ ತನ್ನ ಪೈಲಟ್‌ಗಳಿಗೆಲ್ಲ ಎಚ್ಚರಿಕೆ ಕೊಟ್ಟಿತು. ಆದರೆ ಬೇರೆ ಕಂಪನಿಗಳಿಗೆ ಸುದ್ದಿ ಮುಟ್ಟಿಸುವ ದಾರಿ ಆಗ ಇರಲಿಲ್ಲ. 514ರ ಪೈಲಟ್‌ಗಳಿಗೆ ಅದು ತಲುಪಲೇ ಇಲ್ಲ.

ಆ ಎರಡು ತಂಡಗಳಲ್ಲಿ ಒಂದರ ಹೆಸರು ಅಪಘಾತದ ವರದಿಯಲ್ಲಿ ಉಳಿಯಿತು. ಇನ್ನೊಂದು ತಂಡದವರು ಮನೆಗೆ ಹೋಗಿ ಊಟ ಮಾಡಿದರು. ಮಾಡಿದ್ದು ಮಾತ್ರ ಒಂದೇ. ಈ ಅಪಘಾತದ ನಂತರ, 1976ರಲ್ಲಿ, ಅಂದರೆ ವಿಲಿಯಮ್ಸ್ ಮತ್ತು ನೇಗಲ್ ಮಾತಾಡಿದ ವರ್ಷದಲ್ಲೇ, ನಾಸಾ ನಡೆಸುವ ಒಂದು ವರದಿ ವ್ಯವಸ್ಥೆ ಶುರುವಾಯಿತು. ಎಎಸ್‌ಆರ್‌ಎಸ್ ಅಂತ ಅದರ ಹೆಸರು. ಪೈಲಟ್, ನಿಯಂತ್ರಕ, ಯಾರು ಬೇಕಾದರೂ ತಾವು ಸ್ವಲ್ಪದರಲ್ಲಿ ತಪ್ಪಿಸಿಕೊಂಡ ಘಟನೆ ಬರೆದು ಕಳಿಸಬಹುದು. ಓದಿದ ಮೇಲೆ ಹೆಸರು ತೆಗೆದುಹಾಕುತ್ತಾರೆ. ಬೇಕಂತಲೇ ಮಾಡಿದ ತಪ್ಪಲ್ಲದಿದ್ದರೆ, ಹತ್ತು ದಿನದೊಳಗೆ ವರದಿ ಕಳಿಸಿದವರಿಗೆ ಸಾಮಾನ್ಯವಾಗಿ ದಂಡನೆಯಿಂದ ವಿನಾಯಿತಿ ಸಿಗುತ್ತದೆ. ಬಹಳ ಒಳ್ಳೆಯ ಏರ್ಪಾಡು. ಆದರೆ ಅದರಲ್ಲೂ ಒಂದು ಸಾಲು ಇದೆ. ನಿಜವಾಗಿಯೂ ಅಪಘಾತ ಆಗಿಬಿಟ್ಟಿದ್ದರೆ ಈ ವಿನಾಯಿತಿ ಇಲ್ಲ. ಅದೃಷ್ಟ ಕೈಕೊಟ್ಟವನ ಪಾಡು ಮತ್ತೆ ಬೇರೆಯೇ. ಆ ಸಾಲನ್ನು ಓದಿದಾಗ, ಬುದ್ಧಿವಂತರು ಕೂತು ಯೋಚಿಸಿ ಮಾಡಿದ ನಿಯಮವೂ ಫಲವನ್ನು ಪೂರ್ತಿ ಪಕ್ಕಕ್ಕೆ ಸರಿಸಲಾರದು ಅಂತ ಅನ್ನಿಸಿತು.

ಯಾಕೆ ಹೀಗೆ ಅನ್ನುವುದಕ್ಕೆ 1759ರಲ್ಲೇ ಆಡಂ ಸ್ಮಿತ್ ಒಂದು ಉತ್ತರ ಕೊಟ್ಟಿದ್ದರು. ಅರ್ಥಶಾಸ್ತ್ರದ ಸ್ಮಿತ್ ಅವರೇ. ನಮ್ಮ ಭಾವನೆಗಳು ಫಲವನ್ನು ಹಿಂಬಾಲಿಸುವುದು ಒಂದು ಓರೆ ಅಂತ ಅವರು ಒಪ್ಪುತ್ತಾರೆ. ಆದರೂ ಅದರಿಂದ ಉಪಯೋಗ ಇದೆ ಅನ್ನುತ್ತಾರೆ. ಮನಸ್ಸಿನಲ್ಲಿ ಇದ್ದದ್ದಕ್ಕೆಲ್ಲ ಶಿಕ್ಷೆ ಕೊಡಲು ಹೊರಟರೆ ನ್ಯಾಯಾಲಯಗಳು ಎಲ್ಲರ ಎದೆಯೊಳಗೆ ಇಣುಕುವ ಜಾಗಗಳಾಗುತ್ತವೆ. ಯಾರೂ ನೆಮ್ಮದಿಯಿಂದ ಬದುಕಲಾಗದು. ಕಾನೂನಿನ ಮಟ್ಟಿಗೆ ಈ ಮಾತನ್ನು ನಾನು ಒಪ್ಪುತ್ತೇನೆ. ಹಿಂದೆ ನೋಡದೆ ಕಾರು ತೆಗೆದ 10,000 ಜನರನ್ನೂ ಹಿಡಿದು ತರಲು ಆಗುವುದಿಲ್ಲ. ತರಬೇಕು ಅಂತಲೂ ನನಗನ್ನಿಸುವುದಿಲ್ಲ. ಆದರೆ ನೆರೆಮನೆಯವರ ಬಾಯಿಗೆ ಆ ಅಡಚಣೆ ಇಲ್ಲ. "ಕೊಲೆಗಾರ" ಅನ್ನಲು ಯಾವ ಕಾನೂನೂ ಅವರನ್ನು ಒತ್ತಾಯ ಮಾಡಿರಲಿಲ್ಲ.

ಗೆಳೆಯನ ಮನೆಯಲ್ಲಿ

ಘಟನೆಯಾಗಿ ಮೂರು ವಾರದ ನಂತರ ಗೆಳೆಯನನ್ನು ನೋಡಲು ಹೋದೆ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಕೈಯಲ್ಲಿ ಕಾರಿನ ಕೀ ಇತ್ತು. ಅದನ್ನು ಹೆಬ್ಬೆರಳಿನಿಂದ ತಿಕ್ಕುತ್ತಲೇ ಇದ್ದ. ಕಾರನ್ನು ಆಗಲೇ ಬೇರೆ ಕಡೆ ಸಾಗಿಸಿದ್ದರು. ಕೀ ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ಎಲ್ಲರೂ ಹೇಳುವುದನ್ನೇ ನಾನೂ ಹೇಳಿದೆ. "ನಿನ್ನದೇನೂ ತಪ್ಪಿಲ್ಲ ಕಣೋ. ಯಾರಿಗೆ ಬೇಕಾದರೂ ಆಗಬಹುದಿತ್ತು."

ಅವನು ತಲೆ ಎತ್ತಿದ. "ಎಲ್ಲರೂ ಇದನ್ನೇ ಹೇಳ್ತಾರೆ. ಯಾರಿಗೋ ಆಗಬಹುದಿತ್ತು ನಿಜ. ಆದರೆ ಆಗಿದ್ದು ನನ್ನ ಕಾರಿಂದ. ಆ ಮಗುವಿನ ಅಪ್ಪನ ಹತ್ತಿರ ಹೋಗಿ, ಯಾರಿಗೆ ಬೇಕಾದರೂ ಆಗಬಹುದಿತ್ತು ಅಂತ ನಾನು ಹೇಳೋಕಾಗುತ್ತಾ?"

ವಿಲಿಯಮ್ಸ್ ಬರೆದಿದ್ದರಲ್ಲಿ ಒಬ್ಬ ಲಾರಿ ಚಾಲಕ ಬರುತ್ತಾನೆ. ಅವನದೇನೂ ತಪ್ಪಿಲ್ಲ. ಆದರೂ ಒಂದು ಮಗು ಅವನ ಲಾರಿಗೆ ಸಿಕ್ಕಿ ಸಾಯುತ್ತದೆ. ನೋಡಿದವರಿಗೆಲ್ಲ ದುಃಖವಾಗುತ್ತದೆ. ಅವನಿಗೆ ಆಗುವ ದುಃಖ ಮಾತ್ರ ಬೇರೆ ಜಾತಿಯದು. ನಾವು ಅವನನ್ನು ಸಮಾಧಾನ ಮಾಡುತ್ತೇವೆ, ಮಾಡಬೇಕು. ಆದರೆ "ಹೌದು, ನನ್ನ ತಪ್ಪಿಲ್ಲ" ಅಂತ ಅವನು ಥಟ್ಟನೆ ಸಮಾಧಾನವಾಗಿಬಿಟ್ಟರೆ ನಮಗೇ ಏನೋ ಸರಿಯಿಲ್ಲ ಅನ್ನಿಸುತ್ತದೆ. ಮಾಡಿದವನಿಗೆ ಮಾತ್ರ ಬರುವ ಈ ಕೊರಗಿಗೂ ತಪ್ಪಿತಸ್ಥ ಭಾವನೆಗೂ ವ್ಯತ್ಯಾಸ ಇದೆ. ಅವತ್ತು ಗೆಳೆಯನ ಎದುರು ಕೂತಾಗ ನನಗೆ ಅದು ಅರ್ಥವಾಯಿತು. ನಾನು ಅವನಿಂದ ತಪ್ಪನ್ನು ಇಳಿಸಲು ನೋಡುತ್ತಿದ್ದೆ. ಅವನು ಹಿಡಿದುಕೊಂಡಿದ್ದು ತಪ್ಪನ್ನಲ್ಲ. ಆ ಮಗುವಿನ ಸಾವಿಗೂ ತನಗೂ ಇರುವ ನಂಟನ್ನು ಬಿಡಲು ಅವನು ತಯಾರಿರಲಿಲ್ಲ. ನಾನು ಅದನ್ನೂ ಕಿತ್ತುಕೊಳ್ಳಲು ಹೋಗಿದ್ದೆ.

ದಶರಥನ ಕತೆ ನೆನಪಾಗುತ್ತದೆ. ಕತ್ತಲಲ್ಲಿ ನೀರಿನ ಸದ್ದು ಕೇಳಿ, ಆನೆ ಅಂದುಕೊಂಡು ಬಾಣ ಬಿಟ್ಟ. ತಾಗಿದ್ದು ಕೊಡ ಮುಳುಗಿಸುತ್ತಿದ್ದ ಹುಡುಗನಿಗೆ. ಆ ಕತ್ತಲಲ್ಲಿ ಅವನನ್ನು ನೋಡಿದವರು ಯಾರೂ ಇರಲಿಲ್ಲ. ಆದರೂ ಅದೇ ಕೊಡದಲ್ಲಿ ನೀರು ಹೊತ್ತುಕೊಂಡು, ಕುರುಡ ತಂದೆತಾಯಿಯ ಹತ್ತಿರ ತಾನೇ ನಡೆದು ಹೋದ. ಆ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಶಾಪ ಅಲ್ಲ, ಆ ನಡಿಗೆ.

ಸೂಸನ್ ವೂಲ್ಫ್ ಎಂಬ ತತ್ವಶಾಸ್ತ್ರಜ್ಞೆ 2001ರಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ. ಒಂದೇ ಥರ ಅಜಾಗರೂಕರಾಗಿದ್ದ ಇಬ್ಬರು ಒಂದೇ ಅಳತೆಯ ದೂಷಣೆಗೆ ಅರ್ಹರು. ಆದರೂ ಅನಾಹುತ ಯಾರ ಕೈಯಿಂದ ಆಯಿತೋ ಅವರು ಅದನ್ನು ತಮ್ಮದೆಂದು ಹೊತ್ತುಕೊಳ್ಳುವುದರಲ್ಲಿ ಒಂದು ಒಳ್ಳೆಯತನ ಇದೆ, ಅದಕ್ಕೆ ಇನ್ನೂ ಹೆಸರಿಲ್ಲ ಅಂತ. ನನ್ನ ಗೆಳೆಯನಲ್ಲಿ ನಾನು ಕಂಡಿದ್ದು ಅದನ್ನೇ. ಹೊರಗಿನವರು ಅದನ್ನು ಅವನ ಮೇಲೆ ಹೇರಿದರೆ ಕ್ರೌರ್ಯ. ಅವನೇ ಎತ್ತಿಕೊಂಡರೆ ಬೇರೆಯದೇ ಆಗುತ್ತದೆ.

ಆದರೆ ಇಲ್ಲಿ ಒಂದು ಮಾತು ಉಳಿದುಹೋಗಿದೆ ಅಂತ ನನಗನ್ನಿಸುತ್ತದೆ. ದುರದೃಷ್ಟದವನು ಏನು ಹೊರಬೇಕು ಅಂತ ಕೇಳುತ್ತೇವೆ. ಅದೃಷ್ಟ ಇದ್ದವನು? ಗೆಳೆಯನ ಮತ್ತು ನನ್ನ ತಪ್ಪು ಒಂದೇ ಅಳತೆಯದು ಅಂದರೆ, ಅವನ ಮೇಲಿನ ಭಾರ ಇಳಿಸಿ ಸಮ ಮಾಡುವುದು ಅರ್ಧ ಕೆಲಸ ಮಾತ್ರ. ನನ್ನ ತಕ್ಕಡಿಗೂ ಏನಾದರೂ ಹಾಕಬೇಕು. ನಾನು ಅಷ್ಟು ವರ್ಷ ಅದನ್ನು ತಮಾಷೆಯ ಕತೆಯಾಗಿ ಉಳಿಸಿಕೊಂಡು ಬಂದಿದ್ದೆ. ಆ ಯುನೈಟೆಡ್ ತಂಡ ಮಾಡಿದ್ದನ್ನು ನಾನು ಮಾಡಿರಲಿಲ್ಲ. ಫೋನಿನ ವಿಷಯ ಹೇಳಿರಲಿಲ್ಲ. ಹೇಳಿದ್ದರೆ ನನ್ನ ಕತೆ ಕೇಳಿದವರಲ್ಲಿ ಯಾರಾದರೂ ಒಬ್ಬರು ಇಳಿದು ಹಿಂದೆ ನೋಡುತ್ತಿದ್ದರೋ ಏನೋ. ಕೇಳಿ ನಕ್ಕವರಲ್ಲಿ ಗೆಳೆಯನೂ ಇದ್ದ.

ಅವತ್ತು ಅವನಿಗೆ ಹೇಳಿದೆ. ಫೋನ್, ಮೆಸೇಜ್, ನೋಡದ ಕನ್ನಡಿ, ಎಲ್ಲ. ಅವನು ತುಂಬ ಹೊತ್ತು ಮಾತಾಡಲಿಲ್ಲ. ಕೀ ತಿಕ್ಕುವುದು ನಿಂತಿತು. ಆಮೇಲೆ ಕೇಳಿದ, "ಅವರಿಗೆ ಹೇಳಿದೀಯಾ?"

ಮತ್ತೆ ಪಕ್ಕದ ಮನೆ

ನಾವು ಆ ಮನೆ ಬಿಟ್ಟು ಬಹಳ ವರ್ಷ ಆಗಿತ್ತು. ಹೋದ ತಿಂಗಳು ಹುಡುಕಿಕೊಂಡು ಹೋದೆ. ಅವಳ ಅಮ್ಮನೇ ಬಾಗಿಲು ತೆಗೆದರು, ಗುರುತು ಹಿಡಿದರು. ಹುಡುಗಿಗೆ ಈಗ 14. ಒಳಗಿನ ಕೋಣೆಯಲ್ಲಿ ಯಾರ ಜೊತೆಗೋ ಜೋರಾಗಿ ಮಾತಾಡುತ್ತಿದ್ದಳು. ಸೈಕಲ್ ವಿಷಯ ತೆಗೆದ ಕೂಡಲೇ ಅವರು ನಗಲು ಶುರುಮಾಡಿದರು. "ಅಯ್ಯೋ, ಇನ್ನೂ ಅದನ್ನ ನೆನಪಿಟ್ಟುಕೊಂಡಿದೀರಾ!"

ನಾನು ಹೇಳಿದೆ. "ಅವತ್ತು ನನ್ನ ಕೈಯಲ್ಲಿ ಫೋನ್ ಇತ್ತು. ನಾನು ಹಿಂದೆ ನೋಡಲೇ ಇಲ್ಲ. ಅವಳು ಅಲ್ಲಿದ್ದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ."

ಅವರ ನಗು ನಿಧಾನವಾಗಿ ಇಳಿಯಿತು. ಅವರು ನನ್ನನ್ನು ಬೈಯಲಿಲ್ಲ. ಪರವಾಗಿಲ್ಲ ಅಂತಲೂ ಅನ್ನಲಿಲ್ಲ. ಮಗಳ ದನಿ ಬರುತ್ತಿದ್ದ ಕಡೆ ತಿರುಗಿ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು.

"ಅವತ್ತು ಅವಳಿಗೆ ನೆಗಡಿ" ಅಂದರು ಕೊನೆಗೆ. "ಮೂಗು ಒರೆಸಿಕೊಳ್ಳೋಕೆ ಅಂತ ಒಳಗೆ ಬಂದಿದ್ದಳು. ಆಡ್ತಾ ಇರು, ಆಮೇಲೆ ಒರೆಸ್ತೀನಿ ಅಂತ ನಾನು ಹೇಳೋದರಲ್ಲಿದ್ದೆ."